ಹತ್ತರಲ್ಲಿ ಮೂರು: ಇದು ಅಂಕವಲ್ಲ

ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿರುವ ಹುಡುಗ ಕುರ್ಚಿಯ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದಾನೆ. ಪಕ್ಕದಲ್ಲಿ ಅಪ್ಪ. ಪೇಟೆಯಲ್ಲಿ ಅವರದು ಸಣ್ಣ ಟೈಲರ್ ಅಂಗಡಿ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮಗನಿಗೆ ಭೌತಶಾಸ್ತ್ರದಲ್ಲಿ 70ಕ್ಕೆ 14 ಬಂದಿದೆ. ಅಂದಿನಿಂದ ಪುಸ್ತಕ ತೆರೆದರೆ ಎದೆ ಹೊಡೆದುಕೊಳ್ಳುತ್ತದೆ, ಹತ್ತು ನಿಮಿಷಕ್ಕೆ ಮುಚ್ಚಿಡುತ್ತಾನೆ. ಬೆಳಗಿನ ಟ್ಯೂಷನ್‌ಗೆ ಹೋಗದೆ ಎರಡು ವಾರವಾಯಿತು. ವಾರ್ಷಿಕ ಪರೀಕ್ಷೆಗೆ ಇನ್ನು ಆರೇಳು ವಾರ.

"ಏನಾಗಿದೆ ಅಂತ ಕೇಳಿ ಕೇಳಿ ಸಾಕಾಯ್ತು ಮೇಡಂ. ಬಾಯೇ ಬಿಡಲ್ಲ" ಎನ್ನುತ್ತಾರೆ ಅಪ್ಪ.

ಆಪ್ತ ಸಲಹೆಗಾರ್ತಿ ಈಗ ಏನು ಕೇಳಬೇಕು? ಭಯ ಯಾವಾಗ ಶುರುವಾಯಿತು, ಕಾರಣವೇನು, ತಪ್ಪು ಯಾರದು ಎಂದು ಕೆದಕುತ್ತ ಹೋಗುವುದು ಒಂದು ದಾರಿ. ಇನ್ನೊಂದು ದಾರಿಯೂ ಇದೆ. ಅದು ತೊಂದರೆಯ ಬೇರನ್ನು ಹುಡುಕುವುದಕ್ಕಿಂತ, ತೊಂದರೆ ಇಲ್ಲದ ದಿನ ಹೇಗಿರುತ್ತದೆ ಎಂಬುದನ್ನು ಹುಡುಗನ ಬಾಯಿಂದಲೇ ಹೇಳಿಸುತ್ತದೆ. ಅಂಥ ದಿನದ ಯಾವ ತುಣುಕು ಅವನ ಕೈಯಲ್ಲಿ ಈಗಾಗಲೇ ಇದೆ ಎಂದು ನೋಡುತ್ತದೆ. ಇದಕ್ಕೆ 'ಪರಿಹಾರ ಕೇಂದ್ರಿತ ಕಿರು ಚಿಕಿತ್ಸೆ' ಎಂದು ಹೆಸರು. ಇದರ ಎರಡು ಮುಖ್ಯ ಸಾಧನಗಳು 'ಪವಾಡದ ಪ್ರಶ್ನೆ' ಮತ್ತು 'ಅಳತೆಗೋಲಿನ ಪ್ರಶ್ನೆ'. ಇಲ್ಲಿ ಬರುವ ಅಪ್ಪ-ಮಗ ಯಾವುದೇ ಒಂದು ನಿಜವಾದ ಕುಟುಂಬದವರಲ್ಲ. ಈ ಪ್ರಶ್ನೆಗಳು ಹೇಗೆ ಕೆಲಸ ಮಾಡುತ್ತವೆ ಎಂದು ತೋರಿಸಲು ಹೆಣೆದ ಮಾದರಿ ಮಾತುಕತೆ ಇದು.

ಕನ್ನಡಿಯ ಹಿಂದೆ ಕೂತವರು

ಈ ಪದ್ಧತಿ ಹುಟ್ಟಿದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದಲ್ಲಿ. ಸ್ಟೀವ್ ಡಿ ಶೇಜರ್ ಮತ್ತು ಕೊರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಇನ್ಸೂ ಕಿಮ್ ಬರ್ಗ್ ದಂಪತಿ ತಮ್ಮ ಸಂಗಡಿಗರೊಡನೆ 1978ರಲ್ಲಿ ಅಲ್ಲಿ ಒಂದು ಕುಟುಂಬ ಚಿಕಿತ್ಸಾ ಕೇಂದ್ರವನ್ನು ತೆರೆದರು. ಒಬ್ಬರು ಕುಟುಂಬದೊಡನೆ ಮಾತಾಡುತ್ತಿದ್ದರೆ ಉಳಿದವರು, ಕುಟುಂಬದವರ ಒಪ್ಪಿಗೆ ಪಡೆದು, ಒಂದೇ ಕಡೆಯಿಂದ ಕಾಣುವ ಕನ್ನಡಿಯ ಹಿಂದೆ ಕೂತು ಗಮನಿಸುತ್ತಿದ್ದರು. ಯಾವ ಪ್ರಶ್ನೆ ಕೇಳಿದಾಗ ಜನರಿಗೆ ಉಪಯೋಗವಾಯಿತು, ಯಾವುದು ಬರೀ ಕಾಲಹರಣ ಎಂದು ಪಟ್ಟಿ ಮಾಡುತ್ತಿದ್ದರು. ಈ ಪದ್ಧತಿ ಪುಸ್ತಕದ ಸಿದ್ಧಾಂತದಿಂದ ಇಳಿದು ಬಂದದ್ದಲ್ಲ, ಹೀಗೆ ವರ್ಷಗಟ್ಟಲೆ ನೋಡಿ ನೋಡಿ ಸೋಸಿ ತೆಗೆದದ್ದು.

ಒಮ್ಮೆ ಒಂದು ಕುಟುಂಬ 27 ತೊಂದರೆಗಳನ್ನು ಹೊತ್ತು ಬಂತು. ಎಲ್ಲಿಂದ ಹಿಡಿಯಬೇಕೆಂದು ತಂಡಕ್ಕೂ ತೋಚಲಿಲ್ಲ. ಮುಂದಿನ ಭೇಟಿಯೊಳಗೆ ಮನೆಯಲ್ಲಿ 'ಇದು ಹೀಗೇ ಮುಂದುವರಿಯಲಿ' ಎನಿಸುವಂಥದ್ದು ಏನೇನು ನಡೆಯುತ್ತದೆ, ಅದನ್ನು ಗಮನಿಸಿ ಬನ್ನಿ ಎಂದಷ್ಟೇ ಹೇಳಿ ಕಳಿಸಿದರು. ಮರಳಿ ಬಂದವರು ಅಂಥ ಹಲವು ಸಂಗತಿಗಳನ್ನು ಹೇಳಿದರು, ಪರಿಸ್ಥಿತಿ ಸುಧಾರಿಸಿದೆ ಎಂದೂ ಹೇಳಿದರು. ತೊಂದರೆಯನ್ನು ಪೂರ್ತಿ ಬಿಡಿಸದೆಯೂ ಪರಿಹಾರದ ಕಡೆ ನಡೆಯಬಹುದು ಎಂಬ ಯೋಚನೆ ಗಟ್ಟಿಯಾದದ್ದು ಹೀಗೆ.

ಪವಾಡದ ಪ್ರಶ್ನೆಯನ್ನು ಕೊಟ್ಟದ್ದೂ ಒಬ್ಬ ಬಳಲಿದ ತಾಯಿಯೇ. ಏನಾದರೆ ನಿಮಗೆ ಅನುಕೂಲವಾದೀತು ಎಂದು ಇನ್ಸೂ ಬರ್ಗ್ ವಿಚಾರಿಸಿದಾಗ, ಪವಾಡವೇ ನಡೆಯಬೇಕಷ್ಟೆ ಎಂಬರ್ಥದ ಮಾತನ್ನು ಆಕೆ ಆಡಿದಳಂತೆ. ಬೇರೆಯವರಾಗಿದ್ದರೆ ಸಮಾಧಾನ ಹೇಳಿ ಮುಂದೆ ಹೋಗುತ್ತಿದ್ದರೇನೋ. ಬರ್ಗ್ ಆ ಮಾತನ್ನೇ ಹಿಡಿದು, ಸರಿ, ಪವಾಡ ನಡೆದೇಬಿಟ್ಟಿತು ಎಂದುಕೊಳ್ಳಿ, ಆಗ ಏನು ಬೇರೆಯಾಗಿರುತ್ತದೆ ಎಂದು ಕೇಳಿದರು. ಆಕೆ ವಿವರವಾಗಿ ಹೇಳತೊಡಗಿದಳು.

ಮೊದಲು ಕೇಳಬೇಕಾದ್ದು

ನಮ್ಮ ಹುಡುಗನ ಕಡೆಗೆ ಬರೋಣ. ಸಲಹೆಗಾರ್ತಿ ಅಪ್ಪನನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳುತ್ತಾರೆ. ಹುಡುಗ ಮೆಲ್ಲಗೆ, "ಎಲ್ಲಾ ಬಿಟ್ಟು ಎಲ್ಲಿಗಾದ್ರೂ ಹೊರಟುಹೋಗಬೇಕು ಅನ್ಸುತ್ತೆ ಮೇಡಂ" ಎನ್ನುತ್ತಾನೆ.

ಇಲ್ಲಿ ಪವಾಡದ ಪ್ರಶ್ನೆಗೆ ಹಾರುವಂತಿಲ್ಲ. ಸಲಹೆಗಾರ್ತಿ ನೇರವಾಗಿಯೇ ಕೇಳುತ್ತಾರೆ: "ಹೊರಟುಹೋಗಬೇಕು ಅಂದ್ರೆ? ಬದುಕೋದೇ ಬೇಡ, ಸತ್ತುಹೋಗಬೇಕು ಅಂತ ಯಾವತ್ತಾದ್ರೂ ಅನ್ನಿಸಿದೆಯಾ?"

"ಇಲ್ಲ ಮೇಡಂ. ಅಜ್ಜಿ ಮನೆಗೆ ಹೋಗಿ ಇದ್ದುಬಿಡೋಣ ಅಂತ."

ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಹಲವು ತಂದೆತಾಯಿಯರು ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಇದ್ದದ್ದು ಹೊರಗೆ ಬರುತ್ತದೆ, ಅಷ್ಟೆ. ಉತ್ತರ 'ಹೌದು' ಎಂದಾಗಿದ್ದರೆ ಇಂದಿನ ಮಾತುಕತೆಯ ದಾರಿಯೇ ಬದಲಾಗುತ್ತಿತ್ತು. ಹುಡುಗನ ಸುರಕ್ಷತೆ, ಅಪ್ಪನನ್ನು ಸೇರಿಸಿಕೊಂಡು ಮನೆಯಲ್ಲಿ ಕಾವಲು, ಮನೋವೈದ್ಯರ ಭೇಟಿ, ಇವು ಮೊದಲು. ಉಳಿದದ್ದೆಲ್ಲ ಆಮೇಲೆ. ಉತ್ತರ 'ಇಲ್ಲ' ಎಂದಾಗಲೂ ನಿದ್ದೆ, ಊಟ, ಆಟ ಹೇಗಿವೆ ಎಂದು ವಿಚಾರಿಸಿದ ಮೇಲೆಯೇ ಅವರು ಮುಂದಕ್ಕೆ ಹೋಗುತ್ತಾರೆ.

ಪವಾಡ ನಡೆದ ಬೆಳಿಗ್ಗೆ

"ಒಂದು ವಿಚಿತ್ರ ಪ್ರಶ್ನೆ ಕೇಳ್ತೀನಿ. ಸ್ವಲ್ಪ ಕಲ್ಪನೆ ಮಾಡ್ಕೋಬೇಕಾಗುತ್ತೆ. ಪರವಾಗಿಲ್ವಾ?"

"ಕೇಳಿ ಮೇಡಂ."

"ಈಗ ಇಲ್ಲಿಂದ ಮನೆಗೆ ಹೋಗ್ತೀಯ. ಕಾಫಿ ಕುಡೀತೀಯ, ರಾತ್ರಿ ಊಟ ಮಾಡ್ತೀಯ, ಹಾಸಿಗೆ ಹಾಸ್ಕೊಂಡು ಮಲಗ್ತೀಯ. ಮನೆಯವರೆಲ್ಲ ಮಲಗಿದ್ದಾರೆ. ಎಲ್ಲಾ ನಿಶ್ಶಬ್ದ." ಒಂದು ಕ್ಷಣ ಸುಮ್ಮನಾಗುತ್ತಾರೆ. "ಆ ಹೊತ್ತಲ್ಲಿ ಒಂದು ಪವಾಡ ನಡೆಯುತ್ತೆ. ನಿನ್ನನ್ನ ಇಲ್ಲಿಗೆ ಕರ್ಕೊಂಡು ಬಂದ ತೊಂದರೆ ಇದೆಯಲ್ಲ, ಅದು ಹೊರಟುಹೋಗುತ್ತೆ. ಆದ್ರೆ ನೀನು ನಿದ್ದೇಲಿದ್ದೆ, ಪವಾಡ ಆಗಿದ್ದು ನಿನಗೆ ಗೊತ್ತಿಲ್ಲ. ಬೆಳಿಗ್ಗೆ ಎದ್ದಾಗ ಮೊಟ್ಟಮೊದಲು ಯಾವುದನ್ನ ನೋಡಿ, 'ಅರೆ, ಏನೋ ಬದಲಾಗಿದೆ' ಅಂದ್ಕೋತೀಯ?"

ಹುಡುಗ ಬಹಳ ಹೊತ್ತು ಮಾತಾಡುವುದಿಲ್ಲ. ಸಲಹೆಗಾರ್ತಿಯೂ ಅವಸರಪಡಿಸುವುದಿಲ್ಲ. ಈ ಮೌನ ಪ್ರಶ್ನೆಯದೇ ಒಂದು ಭಾಗ.

"ನನಗೆ 65 ಬಂದಿರುತ್ತೆ" ಎನ್ನುತ್ತಾನೆ ಕೊನೆಗೆ.

"ಸರಿ. ಅಷ್ಟು ಬರೋ ಹುಡುಗನ ಬೆಳಿಗ್ಗೆ ಹೇಗಿರುತ್ತೆ? ಎದ್ದ ತಕ್ಷಣ ಏನು ಬೇರೆ ಇರುತ್ತೆ?"

"ಹೊಟ್ಟೇಲಿ ಸಂಕಟ ಇರಲ್ಲ."

"ಅದರ ಬದಲಿಗೆ ಏನಿರುತ್ತೆ?"

"ಹಗುರ ಅನ್ಸುತ್ತೆ. ಅಲಾರಂ ಹೊಡೆದಾಗಲೇ ಎದ್ದುಬಿಡ್ತೀನಿ. ಈಗ ಆಫ್ ಮಾಡಿ ಮುಸುಕು ಹಾಕ್ಕೋತೀನಿ."

"ಎದ್ದು?"

"ಮುಖ ತೊಳ್ಕೊಂಡು ಹಾಲು ತರೋಕೆ ಹೋಗ್ತೀನಿ. ಮೊದಲು ನಾನೇ ಹೋಗ್ತಿದ್ದೆ."

"ಪವಾಡ ಆಗಿದ್ದು ಅಪ್ಪನಿಗೂ ಗೊತ್ತಿಲ್ಲ. ನಿನ್ನಲ್ಲಿ ಏನು ನೋಡಿ ಅವರಿಗೆ ಅನುಮಾನ ಬರುತ್ತೆ?"

"ಹಾಲು ತಂದಿದ್ದು ನೋಡಿ. ಆಮೇಲೆ ಎದುರಿಗೆ ಕೂತು ತಿಂಡಿ ತಿಂತೀನಿ. ಈಗ ಅಪ್ಪ ಅಂಗಡಿಗೆ ಹೋದ ಮೇಲೇನೇ ತಿನ್ನೋದು."

"ಅದನ್ನ ನೋಡಿದ ಅಪ್ಪ ಏನು ಮಾಡ್ತಾರೆ?"

"'ಎಷ್ಟಾಯ್ತು ಓದಿದ್ದು' ಅಂತ ಕೇಳಲ್ಲ. ಬಹುಶಃ ಅಂಗಡಿ ವಿಷಯ ಏನಾದ್ರೂ ಹೇಳ್ತಾರೆ."

"ಅವರು ಹಾಗೆ ಮಾತಾಡಿದ್ರೆ ನೀನು?"

"ಹೆದರಿಕೆ ಇಲ್ದೆ ಪುಸ್ತಕ ತೆಗೀಬಹುದೇನೋ."

ಇಷ್ಟು ಹೊತ್ತಿನಲ್ಲಿ ಏನು ನಡೆಯಿತು ನೋಡಿ. ಮೊದಲ ಉತ್ತರ ಅಂಕದ ಬಗ್ಗೆ ಇತ್ತು. ಪರೀಕ್ಷೆ ಬರೆಯುವ ತನಕ ಯಾರ ಕೈಯಲ್ಲೂ ಇಲ್ಲದ ವಿಷಯ ಅದು. ಸಲಹೆಗಾರ್ತಿ ಅದನ್ನು ತಳ್ಳಿಹಾಕಲಿಲ್ಲ, ಆದರೆ ಅಲ್ಲೇ ನಿಲ್ಲಲೂ ಇಲ್ಲ. 'ಸಂಕಟ ಇರಲ್ಲ' ಎಂದಾಗ 'ಅದರ ಬದಲಿಗೆ?' ಎಂದರು. 'ಇರುವುದಿಲ್ಲ' ಎಂಬುದನ್ನು ಯಾರೂ ಮಾಡಲಾಗದು, ಬದಲಿಗೆ ಏನು ಇರುತ್ತದೋ ಅದನ್ನು ಮಾಡಬಹುದು. ಕೊನೆಗೆ ಪವಾಡದಿಂದ ಹೊರಬಂದದ್ದು ಅಲಾರಂ, ಹಾಲು, ಎದುರುಬದುರು ಕೂತು ತಿಂಡಿ. ಇವುಗಳಲ್ಲಿ ಯಾವುದಕ್ಕೂ ಪವಾಡ ಬೇಕಿಲ್ಲ. ಹುಡುಗ ಬೇಕೆಂದರೆ ನಾಳೆಯೇ ಮಾಡಿನೋಡಬಹುದು.

ಅಪ್ಪನ ಕಣ್ಣಿನಿಂದ ನೋಡಲು ಹೇಳಿದ್ದಕ್ಕೂ ಕಾರಣವಿದೆ. 'ಅಪ್ಪ ಬೈಯೋದು ನಿಂತರೆ ಎಲ್ಲಾ ಸರಿಹೋಗುತ್ತೆ' ಎಂದು ಮಕ್ಕಳು ಹೇಳುವುದುಂಟು. ಆಗಲೂ 'ನಿಂತರೆ ನೀನು ಬೇರೆ ಏನು ಮಾಡುತ್ತೀಯ' ಎಂದು ಮಾತನ್ನು ಮಗುವಿನ ಕಡೆಗೇ ತಿರುಗಿಸಬೇಕು. ಒಬ್ಬರ ನಡೆ ಇನ್ನೊಬ್ಬರ ನಡೆಯನ್ನು ಎಳೆಯುತ್ತದೆ. ಯಾವ ತುದಿಯಿಂದ ಶುರುಮಾಡಿದರೂ ಆದೀತು.

ಮೂರು ಹೇಗೆ ಬಂತು?

ಈಗ ಅಪ್ಪ ಮತ್ತೆ ಒಳಗೆ ಬಂದಿದ್ದಾರೆ. ಸಲಹೆಗಾರ್ತಿ ಕಾಗದದ ಮೇಲೆ ಅಡ್ಡಗೆರೆ ಎಳೆದು ಒಂದು ತುದಿಗೆ 0, ಇನ್ನೊಂದು ತುದಿಗೆ 10 ಬರೆಯುತ್ತಾರೆ.

"10 ಅಂದ್ರೆ ಪವಾಡ ಆದ ಮಾರನೇ ಬೆಳಿಗ್ಗೆ. 0 ಅಂದ್ರೆ ಅದಕ್ಕೆ ಪೂರ್ತಿ ವಿರುದ್ಧ. ಈಗ ನೀನು ಎಲ್ಲಿದ್ದೀಯ?"

"3."

"ನೀವೇನಂತೀರಿ?" ಎಂದು ಅಪ್ಪನನ್ನು ಕೇಳುತ್ತಾರೆ.

"ಒಂದು ಕೊಟ್ರೆ ಹೆಚ್ಚು ಮೇಡಂ. ಹತ್ತಕ್ಕೆ ಮೂರು ಅಂದ್ರೆ ಅದೂ ಫೇಲೇ ಅಲ್ವಾ?"

ತಂದೆತಾಯಿಯರು ಎಡವುವುದು ಇಲ್ಲಿಯೇ. ಅಳತೆಗೋಲಿನ ಸಂಖ್ಯೆ ಪರೀಕ್ಷೆಯ ಅಂಕವಲ್ಲ. ಅದರಲ್ಲಿ ಪಾಸು ಫೇಲು ಇಲ್ಲ, ಒಬ್ಬರ 3ನ್ನು ಇನ್ನೊಬ್ಬರ 3ಕ್ಕೆ ಹೋಲಿಸುವಂತೆಯೂ ಇಲ್ಲ. ಅದು ಬಾಯಲ್ಲಿ ಹೇಳಲಾಗದ ಸ್ಥಿತಿಗೆ ಹುಡುಗ ಇಟ್ಟ ಒಂದು ಗುರುತು. 'ಯಾಕೆ ಬರೀ ಮೂರು' ಎಂದು ಕೇಳಿದರೆ ಸಿಗುವುದು ಕಾರಣಗಳ ಪಟ್ಟಿ, ಇಲ್ಲವೆ ಮೌನ. ಸಲಹೆಗಾರ್ತಿ ಅದೇ ಸಂಖ್ಯೆಯನ್ನು ಕೆಳಗಿನಿಂದ ನೋಡುತ್ತಾರೆ.

"3 ಅಂದೆ. 1 ಅನ್ನಲಿಲ್ಲ, 0 ಅನ್ನಲಿಲ್ಲ. 3ರ ತನಕ ಹೇಗೆ ಬಂದೆ? ಅದರಲ್ಲಿ ಏನೇನಿದೆ?"

"ಏನಿಲ್ಲ ಮೇಡಂ... ಬುಧವಾರ ಪಕ್ಕದ ಮನೆ ಹುಡುಗ ಬಂದಿದ್ದ. ಹತ್ತನೇ ಕ್ಲಾಸು. ಮಸೂರದ ಲೆಕ್ಕ ಬರಲಿಲ್ಲ ಅಂತ. ಹೇಳಿಕೊಟ್ಟೆ."

"ಭೌತಶಾಸ್ತ್ರವೇ?"

"ಹೂಂ. ವಸ್ತುವಿನ ದೂರಕ್ಕೆ ಮೈನಸ್ ಹಾಕೋದು ಮರೀತಿದ್ದ. ಕಿರಣದ ಚಿತ್ರ ಬರೆದು ತೋರಿಸ್ದೆ. ಮೂರು ಲೆಕ್ಕ ಮಾಡಿದ್ವಿ."

"ಎಷ್ಟು ಹೊತ್ತು?"

"ಮುಕ್ಕಾಲು ಗಂಟೆ ಇರಬೇಕು."

"ಆಗ ಎದೆ ಹೊಡ್ಕೋತಿತ್ತಾ?"

ಹುಡುಗ ತಲೆಯೆತ್ತುತ್ತಾನೆ. "ಇಲ್ಲ. ನೆನಪೇ ಬರಲಿಲ್ಲ."

"ನನಗೆ ಇದು ಗೊತ್ತೇ ಇರಲಿಲ್ಲ" ಎನ್ನುತ್ತಾರೆ ಅಪ್ಪ. "ನಾನು ಅಂಗಡೀಲಿದ್ದೆ."

ಇಂಥ ಗಳಿಗೆಗೆ ಈ ಪದ್ಧತಿಯಲ್ಲಿ 'ಅಪವಾದ' ಎನ್ನುತ್ತಾರೆ. ಬರಬೇಕಾಗಿದ್ದ ತೊಂದರೆ ಬಾರದೆ ಹೋದ ಹೊತ್ತು ಅದು. ಹತ್ತು ನಿಮಿಷ ಪುಸ್ತಕ ಹಿಡಿಯಲಾಗದ ಹುಡುಗ ಮುಕ್ಕಾಲು ಗಂಟೆ ಅದೇ ವಿಷಯದ ಜೊತೆ ಕೂತಿದ್ದ. ಏನು ಬೇರೆಯಾಗಿತ್ತು? ಒಬ್ಬನೇ ಇರಲಿಲ್ಲ, ಗಟ್ಟಿಯಾಗಿ ಹೇಳುತ್ತಿದ್ದ, ಚಿತ್ರ ಬರೆಯುತ್ತಿದ್ದ, ಯಾರೂ ಅವನನ್ನು ಪರೀಕ್ಷಿಸುತ್ತಿರಲಿಲ್ಲ. ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲೂ ಮಸೂರಗಳ ಪಾಠವಿದೆ. ಅಂದರೆ ಹಿಡಿಯಲು ಒಂದು ತುದಿ ಸಿಕ್ಕಿತು. ಇದನ್ನು ಸಲಹೆಗಾರ್ತಿ ಸಲಹೆಯಾಗಿ ಕೊಟ್ಟಿದ್ದರೆ ಹತ್ತರಲ್ಲಿ ಹನ್ನೊಂದನೆಯ ಉಪದೇಶವಾಗುತ್ತಿತ್ತು. ಈಗ ಅದು ಹುಡುಗನದೇ ಅನುಭವ.

"ಮುಂದಿನ ವಾರ ಬಂದು 4 ಅಂತ ಹೇಳಬೇಕಾದ್ರೆ ಏನು ನಡೆದಿರಬೇಕು? 10 ಬೇಡ, ಬರೀ 4."

"ದಿನಾ ಒಂದು ಲೆಕ್ಕ ಗಟ್ಟಿಯಾಗಿ ಹೇಳ್ಕೊಂಡು ಮಾಡಿದ್ರೆ..."

"ಯಾವ ಹೊತ್ತಿಗೆ? ಎಲ್ಲಿ?"

"ಸಾಯಂಕಾಲ, ಜಗಲಿ ಮೇಲೆ. ಅವನೂ ಓದೋಕೆ ಬರ್ತಾನೆ."

"ಇದನ್ನ ಮಾಡೇ ಮಾಡ್ತೀಯ ಅನ್ನೋ ಭರವಸೆ 0ಯಿಂದ 10ರಲ್ಲಿ ಎಷ್ಟು?"

"7."

ಭರವಸೆಯನ್ನು ಹೀಗೆ ಬೇರೆಯಾಗಿ ಅಳೆಯುವುದು ಮುಖ್ಯ. 7ರ ಬದಲು 2 ಎಂದಿದ್ದರೆ ಹೆಜ್ಜೆ ದೊಡ್ಡದಾಯಿತು ಎಂದರ್ಥ. ಆಗ ದಿನಕ್ಕೊಂದು ಲೆಕ್ಕವನ್ನು ವಾರಕ್ಕೆರಡಕ್ಕೆ ಇಳಿಸಬೇಕೇ ಹೊರತು ಹುಡುಗನನ್ನು ಹುರಿದುಂಬಿಸುವುದಲ್ಲ.

ಕೊನೆಗೆ ಸಲಹೆಗಾರ್ತಿ ಐದು ನಿಮಿಷ ಎದ್ದುಹೋಗಿ, ಕೇಳಿದ್ದನ್ನು ಜೋಡಿಸಿಕೊಂಡು ಬರುತ್ತಾರೆ. ಈ ಬಿಡುವು ಮಿಲ್ವಾಕಿಯ ಕಾಲದಿಂದ ಬಂದ ರೂಢಿ. ಹುಡುಗನಿಗೆ, "ಪುಸ್ತಕ ಕಂಡ್ರೆ ಹೆದರಿಕೆ ಇದ್ದಾಗಲೂ ಪಕ್ಕದ ಮನೆಯವನನ್ನ ಬರಬೇಡ ಅನ್ನಲಿಲ್ಲ. ಅದು ಸಣ್ಣದಲ್ಲ" ಎನ್ನುತ್ತಾರೆ. ಅಪ್ಪನಿಗೆ, "ಅಂಗಡಿ ಮುಚ್ಚಿ ಇಲ್ಲಿ ತನಕ ಬಂದಿರಿ. ಈ ವಾರ ಒಂದು ಕೆಲಸ. ಅವನು 3ಕ್ಕಿಂತ ಮೇಲಿದ್ದಾನೆ ಅನ್ಸೋ ಗಳಿಗೆಗಳನ್ನ ಮನಸ್ಸಲ್ಲೇ ಗುರುತು ಮಾಡ್ಕೊಳ್ಳಿ. ಅವನಿಗೆ ಹೇಳೋದು ಬೇಡ, ಇಲ್ಲಿ ಬಂದು ಹೇಳಿ" ಎನ್ನುತ್ತಾರೆ. ವಾರವಿಡೀ ತಪ್ಪನ್ನೇ ಹುಡುಕುತ್ತಿದ್ದ ಕಣ್ಣು ಈ ವಾರ ಬೇರೆಯದನ್ನು ಹುಡುಕಬೇಕು.

ಸಂಖ್ಯೆ ಇಳಿದರೆ

ಎರಡನೆಯ ಭೇಟಿಯ ಮೊದಲ ಪ್ರಶ್ನೆ 'ಹೇಗಿದ್ದೀಯ' ಅಲ್ಲ, 'ಏನು ಸುಧಾರಿಸಿದೆ' ಎಂಬುದು. ನಮ್ಮ ಹುಡುಗ ಹೇಳುತ್ತಾನೆ: ಐದು ದಿನ ಲೆಕ್ಕ ಮಾಡಿದ, 4 ಎನ್ನಬಹುದು. ಆದರೆ ಶನಿವಾರ ಕಾಲೇಜಿನಲ್ಲಿ ಕಿರುಪರೀಕ್ಷೆ ಕೈಕೊಟ್ಟು 2ಕ್ಕೆ ಇಳಿದ.

"2ರಲ್ಲೇ ನಿಂತಿದ್ದು ಹೇಗೆ? ಇನ್ನೂ ಕೆಳಗೆ ಯಾಕೆ ಹೋಗಲಿಲ್ಲ?"

"ಭಾನುವಾರ ಅಪ್ಪನ ಜೊತೆ ಅಂಗಡೀಲಿ ಕೂತಿದ್ದೆ. ಗುಂಡಿ ಹೊಲಿದೆ. ಏನೂ ಕೇಳಲಿಲ್ಲ ಅವರು. ಸೋಮವಾರ ಮತ್ತೆ ಲೆಕ್ಕ ತೆಗೆದೆ."

ಇಳಿದದ್ದನ್ನು ಮುಚ್ಚಿಡಬೇಕಿಲ್ಲ. ಇಳಿದಾಗ ತಡೆದದ್ದು ಏನು ಎಂಬುದು ಮುಂದಿನ ಸಲ ಬೇಕಾಗುವ ಮಾಹಿತಿ. ಮಗು '0' ಎಂದರೂ ಹೀಗೆಯೇ. ಆಗ ಅಪವಾದ ಹುಡುಕಲು ಹೊರಟರೆ ಅದರ ನೋವನ್ನು ಅಲ್ಲಗಳೆದಂತಾಗುತ್ತದೆ. 'ಇಷ್ಟು ಕಷ್ಟದಲ್ಲೂ ಇವತ್ತು ಎದ್ದು ಇಲ್ಲಿ ತನಕ ಹೇಗೆ ಬಂದೆ' ಎಂದು ಕೇಳಿ, ಉತ್ತರವನ್ನು ತಾಳ್ಮೆಯಿಂದ ಆಲಿಸಬೇಕು.

ಸಾಮಾನ್ಯವಾಗಿ ಕೆಲವೇ ಭೇಟಿಗಳಲ್ಲಿ ಮುಗಿಯುವುದರಿಂದ ಇದು 'ಕಿರು' ಚಿಕಿತ್ಸೆ. 2013ರಲ್ಲಿ ಪ್ರಕಟವಾದ ಒಂದು ಪರಿಶೀಲನೆ 43 ಅಧ್ಯಯನಗಳನ್ನು ನೋಡಿ, 32ರಲ್ಲಿ ಗಮನಾರ್ಹ ಪ್ರಯೋಜನ ಕಂಡಿದೆ ಎಂದಿತು. ಅಲ್ಲಿ ಹೆಚ್ಚು ಗಟ್ಟಿಯಾದ ಪುರಾವೆ ಸಿಕ್ಕಿದ್ದು ವಯಸ್ಕರ ಖಿನ್ನತೆಯ ವಿಷಯದಲ್ಲಿ. ಆದ್ದರಿಂದ ಇದು ಎಲ್ಲ ಮಕ್ಕಳ ಎಲ್ಲ ತೊಂದರೆಗೂ ಮದ್ದು ಎನ್ನುವಂತಿಲ್ಲ. ಭೌತಶಾಸ್ತ್ರದ ತಳಹದಿಯೇ ಅರ್ಥವಾಗದವನಿಗೆ ಪಾಠ ಹೇಳಿಕೊಡುವ ಮೇಷ್ಟರೂ ಬೇಕು. ಮನೆಯಲ್ಲೋ ಕಾಲೇಜಿನಲ್ಲೋ ಯಾರಾದರೂ ಹಿಂಸೆ ಕೊಡುತ್ತಿದ್ದರೆ ಮೊದಲು ನಿಲ್ಲಬೇಕಾದದ್ದು ಆ ಹಿಂಸೆ, ಮಗುವಿಗೆ ಪವಾಡದ ಕಲ್ಪನೆ ಮಾಡಿಸುವುದಲ್ಲ. ಎರಡು ವಾರಕ್ಕೂ ಮೀರಿ ಮಂಕು ಕವಿದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಇಷ್ಟದ ಆಟವೂ ಬೇಡವಾಗಿದ್ದರೆ ವೈದ್ಯರನ್ನು ಕಾಣಬೇಕು. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬಾರದು, ಮಗುವನ್ನು ಒಂಟಿಯಾಗಿ ಬಿಡಬಾರದು. 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು.

ಪವಾಡದ ಪ್ರಶ್ನೆಯನ್ನು ತರಬೇತಿ ಪಡೆದವರಿಗೇ ಬಿಡುವುದು ಒಳ್ಳೆಯದು. ಅವಸರದಲ್ಲಿ ಕೇಳಿದರೆ ಅದು ಮಕ್ಕಳಿಗೆ ಕುಚೋದ್ಯದಂತೆ ಕೇಳಿಸುತ್ತದೆ. ಅಳತೆಗೋಲನ್ನು ಮಾತ್ರ ಮನೆಯಲ್ಲೂ ಬಳಸಬಹುದು, ಒಂದೇ ಕರಾರಿನ ಮೇಲೆ. ಮಗಳು ಅಥವಾ ಮಗ ಯಾವ ಸಂಖ್ಯೆ ಹೇಳಿದರೂ ಅದನ್ನು ತಿದ್ದಬಾರದು, ಅದು ಸಾಲದು ಎನ್ನಬಾರದು. ಎರಡು ಎಂದರೆ ಎರಡರಲ್ಲಿ ಏನಿದೆ ಎಂದು ಕೇಳಿ, ಉತ್ತರ ಬರುವ ತನಕ ಸುಮ್ಮನೆ ಕೂರಬೇಕು.

ಆ ಎರಡನೆಯ ಭೇಟಿಯ ಕೊನೆಗೆ ಸಲಹೆಗಾರ್ತಿ ಅಪ್ಪನನ್ನು, ವಾರದಲ್ಲಿ ಏನೇನು ಗುರುತು ಮಾಡಿಕೊಂಡಿರಿ ಎಂದು ಕೇಳುತ್ತಾರೆ. ಅವರು ಅಂಗಿಯ ಜೇಬಿನಿಂದ ಅಳತೆ ಬರೆಯುವ ಚೀಟಿಯೊಂದನ್ನು ತೆಗೆಯುತ್ತಾರೆ. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ನಾಲ್ಕು ಸಾಲು. ಮೊದಲನೆಯದು: 'ಮಂಗಳವಾರ, ಹಾಲು ತಂದ.'